‘ಮೈಸೆಲ್ಫ್’ ಎಲ್ಲಿ, ‘ಮಿ’ ಎಲ್ಲಿ? ‘ಈಚ್ ಅದರ್’ಗೂ ‘ಒನ್ ಅನದರ್’ಗೂ ಏನು ವ್ಯತ್ಯಾಸ?

ಇಂಗ್ಲಿಷಿನಲ್ಲಿ ಬರೆದ ಈ ಪುಟ್ಟ ಪತ್ರವನ್ನು ಒಮ್ಮೆ ಓದಿ. ಇಂಥವನ್ನು ತಿದ್ದುವುದೇ ನನ್ನ ಕೆಲಸವಾದ್ದರಿಂದ ತಪ್ಪುಗಳನ್ನೆಲ್ಲ ಒಂದೇ ಕಡೆ ಕೂಡಿಹಾಕಿ ನಾನೇ ಹೆಣೆದದ್ದು:

‘ಮೈಸೆಲ್ಫ್ ರವಿ. ಮೈ ಮ್ಯಾನೇಜರ್ ಆಸ್ಕ್‌ಡ್ ಮಿ ಟು ಇಂಟ್ರಡ್ಯೂಸ್ ಹಿಮ್‌ಸೆಲ್ಫ್. ಸುನೀತಾ ಅಂಡ್ ಮೈಸೆಲ್ಫ್ ಪ್ರಿಪೇರ್ಡ್ ದಿ ರಿಪೋರ್ಟ್. ಐ ಚೆಕ್ಡ್ ಇಟ್ ಮೈಸೆಲ್ಫ್. ಪ್ಲೀಸ್ ರಿಪ್ಲೈ ಟು ಸುನೀತಾ ಆರ್ ಮೈಸೆಲ್ಫ್. ವಿ ವಿಲ್ ಡಿಸ್ಕಸ್ ಈಚ್ ಅದರ್.’

‘ಸೆಲ್ಫ್’ ಎಂಬ ಬಾಲವಿರುವ ಪದ ಇದರಲ್ಲಿ ಐದು ಸಲ ಬಂದಿದೆ. ಸರಿಯಾಗಿ ಕುಳಿತಿರುವುದು ಒಂದೇ ಕಡೆ. ಅದು ಯಾವುದೆಂದು ಊಹಿಸಿಟ್ಟುಕೊಳ್ಳಿ. ಒಂದೊಂದೇ ವಾಕ್ಯವನ್ನು ಬಿಚ್ಚಿ ನೋಡೋಣ.

ಮೊದಲು ನಿಯಮ. ಒಂದು ಕ್ರಿಯಾಪದವನ್ನು ಹಿಡಿದುಕೊಂಡು ಎರಡು ಪ್ರಶ್ನೆ ಕೇಳಿ: ಈ ಕೆಲಸ ಮಾಡಿದವರು ಯಾರು? ಅದು ಯಾರಿಗೆ ತಗುಲಿತು? ಎರಡಕ್ಕೂ ಒಂದೇ ಉತ್ತರ ಬಂದರೆ ‘ಸೆಲ್ಫ್’ ಬೇಕು, ಬೇರೆ ಬೇರೆ ಬಂದರೆ ಬೇಡ. ‘ಐ ಕಟ್ ಮೈಸೆಲ್ಫ್’ ಎಂಬಲ್ಲಿ ಕುಯ್ದವನೂ ನಾನೇ, ಕುಯ್ಯಿಸಿಕೊಂಡವನೂ ನಾನೇ. ‘ದಿ ನೈಫ್ ಕಟ್ ಮಿ’ ಎಂದಾಗ ಕುಯ್ದದ್ದು ಚಾಕು, ಆದ್ದರಿಂದ ‘ಮಿ’. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಈ ಪ್ರಶ್ನೆಗಳನ್ನು ಕೇಳಬೇಕಾದದ್ದು ಇಡೀ ವಾಕ್ಯಕ್ಕಲ್ಲ, ಆ ಸರ್ವನಾಮಕ್ಕೆ ತೀರ ಹತ್ತಿರವಿರುವ ಕ್ರಿಯಾಪದಕ್ಕೆ. ಕನ್ನಡಿಗರು ಎಡವುವುದು ಇಲ್ಲಿಯೇ, ಎಡವಲು ಒಳ್ಳೆಯ ಕಾರಣವೂ ಇದೆ.

ಪತ್ರದ ಎರಡನೆಯ ವಾಕ್ಯಕ್ಕೆ ಬನ್ನಿ. ಬರೆದವನ ಮನಸ್ಸಿನಲ್ಲಿದ್ದ ಕನ್ನಡ ಹೀಗಿತ್ತು: ‘ಮ್ಯಾನೇಜರ್ ತಮ್ಮನ್ನು ಪರಿಚಯಿಸುವಂತೆ ನನಗೆ ಹೇಳಿದರು.’ ಅಪ್ಪಟ ಕನ್ನಡ. ‘ತಮ್ಮನ್ನು’ ಎಂದರೆ ಮ್ಯಾನೇಜರನ್ನು, ಅನುಮಾನವೇ ಇಲ್ಲ. ನಮ್ಮ ‘ತಾನು, ತಾವು’ ದೂರದೃಷ್ಟಿಯ ಪದಗಳು. ನಡುವೆ ಇನ್ನೊಬ್ಬ ಕರ್ತೃ ಬಂದು ನಿಂತರೂ ಅವನ ತಲೆಯ ಮೇಲಿಂದ ಹಾಯ್ದು ಮುಖ್ಯ ವಾಕ್ಯದ ಕರ್ತೃವನ್ನು ಮುಟ್ಟುತ್ತವೆ. ಇಂಗ್ಲಿಷಿನ ‘ಹಿಮ್‌ಸೆಲ್ಫ್’ಗೆ ಅಷ್ಟು ದೂರ ಕಾಣುವುದಿಲ್ಲ. ಅದಕ್ಕೆ ಕಾಣುವುದು ಪಕ್ಕದ ಕ್ರಿಯಾಪದ ಮತ್ತು ಅದರ ಕರ್ತೃ ಮಾತ್ರ. ‘ಇಂಟ್ರಡ್ಯೂಸ್’ ಮಾಡುವವರು ಯಾರು? ನಾನು. ಪರಿಚಯವಾಗಬೇಕಾದವರು? ಮ್ಯಾನೇಜರ್. ಉತ್ತರ ಎರಡಾದ್ದರಿಂದ ‘ಹಿಮ್’ ಸಾಕು: ‘ಮೈ ಮ್ಯಾನೇಜರ್ ಆಸ್ಕ್‌ಡ್ ಮಿ ಟು ಇಂಟ್ರಡ್ಯೂಸ್ ಹಿಮ್.’

ಇದೇ ವಾಕ್ಯದ ಕೊನೆಗೆ ‘ಮೈಸೆಲ್ಫ್’ ಇಟ್ಟು ನೋಡಿ: ‘ಆಸ್ಕ್‌ಡ್ ಮಿ ಟು ಇಂಟ್ರಡ್ಯೂಸ್ ಮೈಸೆಲ್ಫ್.’ ಇದೂ ಸರಿ, ಅರ್ಥ ಬೇರೆ. ನನ್ನನ್ನು ನಾನೇ ಪರಿಚಯಿಸಿಕೊಳ್ಳಬೇಕಂತೆ. ಇನ್ನು ‘ಆಸ್ಕ್‌ಡ್’ ತೆಗೆದು ‘ಪ್ರಾಮಿಸ್ಡ್’ ಹಾಕಿದರೆ ಚಿತ್ರ ತಲೆಕೆಳಗಾಗುತ್ತದೆ: ‘ಮೈ ಮ್ಯಾನೇಜರ್ ಪ್ರಾಮಿಸ್ಡ್ ಟು ಇಂಟ್ರಡ್ಯೂಸ್ ಹಿಮ್‌ಸೆಲ್ಫ್.’ ಮಾತು ಕೊಟ್ಟವರು ಅವರು, ಆದ್ದರಿಂದ ಪರಿಚಯಿಸುವವರೂ ಅವರೇ. ‘ಟು’ ಹಿಂದೆ ಕರ್ತೃ ಕಣ್ಣಿಗೆ ಕಾಣದೆ ಅಡಗಿ ಕುಳಿತಿರುತ್ತದೆ. ಅದನ್ನು ಎಳೆದು ಹೊರಗೆ ಹಾಕಿದ ಮೇಲೆಯೇ ಸರ್ವನಾಮ ಆರಿಸಬೇಕು. ‘ಹೆಲ್ಪ್ ಯುವರ್‌ಸೆಲ್ಫ್’ ಎಂಬ ವಿನಂತಿಯಲ್ಲೂ ಹಾಗೆಯೇ, ಕಾಣದ ‘ಯು’ ಮುಂದೆ ನಿಂತಿದೆ.

ದೂರದೃಷ್ಟಿಯ ‘ತಾನು’ ತರುವ ಇನ್ನೊಂದು ತಪ್ಪು ಇದಕ್ಕಿಂತ ಎದ್ದು ಕಾಣುತ್ತದೆ. ‘ತಾನು ಬರುವುದಾಗಿ ರವಿ ಹೇಳಿದ’ ಎಂಬುದನ್ನು ‘ರವಿ ಸೆಡ್ ದಟ್ ಹಿಮ್‌ಸೆಲ್ಫ್ ವುಡ್ ಕಮ್’ ಎಂದು ಬರೆಯುವುದು. ನಮ್ಮ ‘ತಾನು’ ಕರ್ತೃಸ್ಥಾನದಲ್ಲಿ ಸಲೀಸಾಗಿ ಕೂರುತ್ತದೆ. ‘ಸೆಲ್ಫ್’ ಪದಗಳು ಅಲ್ಲಿ ಒಂಟಿಯಾಗಿ ಕೂರಲಾರವು. ಆದ್ದರಿಂದ ‘ರವಿ ಸೆಡ್ ದಟ್ ಹಿ ವುಡ್ ಕಮ್’ ಎನ್ನಬೇಕು. ಈ ‘ಹಿ’ ರವಿಯೋ ಇನ್ನೊಬ್ಬನೋ ಎಂಬ ಗೊಂದಲ ಉಳಿಯುತ್ತದಲ್ಲ ಎಂದು ಕೇಳಬಹುದು. ಉಳಿಯುತ್ತದೆ. ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಚೊಕ್ಕವಾಗಿದೆ. ಇಂಗ್ಲಿಷ್ ಸಂದರ್ಭವನ್ನು ನಂಬಿ ಮುಂದೆ ಹೋಗುತ್ತದೆ.

ಪತ್ರದ ಮೊದಲ ವಾಕ್ಯ ‘ಮೈಸೆಲ್ಫ್ ರವಿ’ ಕೆಟ್ಟದ್ದೂ ಇದೇ ಕಾರಣಕ್ಕೆ. ಕರ್ತೃಸ್ಥಾನದಲ್ಲಿ ಒಂಟಿ ‘ಸೆಲ್ಫ್’, ಮೇಲಾಗಿ ಕ್ರಿಯಾಪದವೇ ಇಲ್ಲ. ‘ನಾನು ರವಿ’ ಎನ್ನಲು ಕನ್ನಡಕ್ಕೆ ಕ್ರಿಯಾಪದ ಬೇಡ, ಆ ಅಭ್ಯಾಸ ಇಲ್ಲೂ ಇಣುಕಿದೆ. ‘ಐ ಆ್ಯಮ್ ರವಿ’ ಎಂದರೆ ಮುಗಿಯಿತು.

ಮೂರನೆಯ ಮತ್ತು ಐದನೆಯ ವಾಕ್ಯಗಳು ಅಕ್ಕತಂಗಿಯರು. ‘ಸುನೀತಾ ಅಂಡ್ ಮೈಸೆಲ್ಫ್’, ‘ಸುನೀತಾ ಆರ್ ಮೈಸೆಲ್ಫ್’. ಈ ತಪ್ಪಿಗೆ ಕನ್ನಡ ಕಾರಣವಲ್ಲ, ಇಂಗ್ಲಿಷನ್ನೇ ಆಡಿ ಬೆಳೆದವರೂ ಹೀಗೆ ಬರೆಯುತ್ತಾರೆ. ‘ಮಿ ಅಂಡ್ ಸುನೀತಾ’ ಎಂದು ಹೇಳಿ ಚಿಕ್ಕಂದಿನಲ್ಲಿ ಬೈಸಿಕೊಂಡವರಿಗೆ ‘ಮಿ’ ಎಂದರೇ ಒಂದು ಅಳುಕು. ‘ಐ’ ಬೇಕೋ ‘ಮಿ’ ಬೇಕೋ ತಿಳಿಯದಾಗ ಎರಡರಿಂದಲೂ ತಪ್ಪಿಸಿಕೊಂಡು, ಉದ್ದವಾಗಿ ವಿನಯದಂತೆ ಕೇಳುವ ‘ಮೈಸೆಲ್ಫ್’ ಹಿಂದೆ ಅವಿತುಕೊಳ್ಳುತ್ತಾರೆ.

ಪರಿಹಾರ ಬಹಳ ಸರಳ: ಜೊತೆಗಾರರನ್ನು ವಾಕ್ಯದಿಂದ ಒಂದು ಕ್ಷಣ ಹೊರಗೆ ಕಳುಹಿಸಿ. ‘ಪ್ಲೀಸ್ ರಿಪ್ಲೈ ಟು ಮೈಸೆಲ್ಫ್’ ಎಂದು ಯಾರಾದರೂ ಬರೆಯುತ್ತಾರೆಯೇ? ‘ರಿಪ್ಲೈ ಟು ಮಿ’ ಎನ್ನುತ್ತಾರೆ. ಹಾಗಾದರೆ ಸುನೀತಾ ಮರಳಿ ಬಂದ ಮೇಲೂ ‘ರಿಪ್ಲೈ ಟು ಸುನೀತಾ ಆರ್ ಮಿ’. ‘ಮೈಸೆಲ್ಫ್ ಪ್ರಿಪೇರ್ಡ್ ದಿ ರಿಪೋರ್ಟ್’ ಎನ್ನುವುದಿಲ್ಲ, ‘ಐ ಪ್ರಿಪೇರ್ಡ್’ ಎನ್ನುತ್ತೇವೆ. ಆದ್ದರಿಂದ ‘ಸುನೀತಾ ಅಂಡ್ ಐ ಪ್ರಿಪೇರ್ಡ್’. ಇಂಗ್ಲಿಷಿನ ಒಳ್ಳೆಯ ಬರಹಗಾರರಲ್ಲೂ ‘ಅಂಡ್ ಮೈಸೆಲ್ಫ್’ ಹಿಂದಿನಿಂದ ಕಾಣಸಿಗುತ್ತದೆ, ನಿಜ. ಆದರೂ ಪರೀಕ್ಷೆಯ ಉತ್ತರದಲ್ಲಿ, ಕಚೇರಿಯ ಪತ್ರದಲ್ಲಿ ಅದನ್ನು ಬಳಸಬೇಡಿ ಎಂದೇ ನಾನು ಹೇಳುವುದು. ಅದರಿಂದ ದಕ್ಕುವುದು ಏನೂ ಇಲ್ಲ, ಓದುವವರು ತಪ್ಪೆಂದು ಎಣಿಸುವ ಸಂಭವ ಮಾತ್ರ ಇದೆ.

ಉಳಿದದ್ದು ನಾಲ್ಕನೆಯ ವಾಕ್ಯ: ‘ಐ ಚೆಕ್ಡ್ ಇಟ್ ಮೈಸೆಲ್ಫ್.’ ಸರಿಯಾದದ್ದು ಇದೇ. ಆದರೆ ಮೇಲಿನ ನಿಯಮ ಇದಕ್ಕೆ ಹೊಂದುವುದಿಲ್ಲವಲ್ಲ! ಪರಿಶೀಲಿಸಿದ್ದು ನಾನು, ಪರಿಶೀಲನೆಗೆ ಒಳಗಾದದ್ದು ವರದಿ. ಇದು ಅದೇ ಪದದ ಇನ್ನೊಂದು ಕೆಲಸ, ಒತ್ತು ಕೊಡುವುದು. ನಮ್ಮ ‘ನಾನೇ’ಯ ಏಕಾರ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಗುರುತಿಸುವುದು ಹೇಗೆಂದರೆ, ಪದವನ್ನು ತೆಗೆದುಹಾಕಿ ನೋಡಿ. ‘ಐ ಚೆಕ್ಡ್ ಇಟ್’ ಪೂರ್ತಿ ವಾಕ್ಯವಾಗಿ ಉಳಿಯುತ್ತದೆ, ಹೋದದ್ದು ಒತ್ತು ಮಾತ್ರ. ಮೊದಲಿನ ‘ಐ ಕಟ್ ಮೈಸೆಲ್ಫ್’ನಿಂದ ಅದನ್ನು ತೆಗೆದರೆ, ಏನನ್ನು ಕುಯ್ದೆ ಎಂದು ಎದುರಿನವರು ಕೇಳುತ್ತಾರೆ. ಇದಕ್ಕೆ ‘ಬೈ’ ಸೇರಿಸಿದರೆ, ಅಂದರೆ ‘ಐ ಚೆಕ್ಡ್ ಇಟ್ ಬೈ ಮೈಸೆಲ್ಫ್’ ಎಂದರೆ, ಅರ್ಥ ‘ಒಬ್ಬನೇ, ಯಾರ ನೆರವೂ ಇಲ್ಲದೆ’ ಎಂಬತ್ತ ವಾಲುತ್ತದೆ.

ಪತ್ರದಲ್ಲಿ ಬಾರದ, ಆದರೆ ನಮ್ಮವರ ಬರಹದಲ್ಲಿ ದಿನವೂ ಕಾಣುವ ಇನ್ನೊಂದು ತೊಡಕಿದೆ. ಅದು ‘ಕೊಳ್ಳು’ ತಂದಿಡುವ ತೊಡಕು. ಕನ್ನಡ ‘ತನಗೆ ತಾನೇ’ ಎಂಬ ಅರ್ಥವನ್ನು ಬಹುಪಾಲು ಸರ್ವನಾಮದ ಮೇಲೆ ಹೊರಿಸುವುದೇ ಇಲ್ಲ, ಕ್ರಿಯಾಪದದ ಬಾಲಕ್ಕೆ ಕಟ್ಟಿಬಿಡುತ್ತದೆ: ಬೋಳಿಸಿಕೊಂಡ, ಹಾಕಿಕೊಂಡಳು, ಕುಳಿತುಕೊಂಡೆ, ನೆನಪಿಸಿಕೊಂಡೆ, ಪರಿಚಯಿಸಿಕೊಂಡ. ಇದನ್ನು ಇಂಗ್ಲಿಷಿಗೆ ಸಾಗಿಸುವಾಗ ಒಬ್ಬರು ಎಲ್ಲ ‘ಕೊಳ್ಳು’ವಿಗೂ ಒಂದೊಂದು ‘ಸೆಲ್ಫ್’ ಅಂಟಿಸುತ್ತಾರೆ, ಇನ್ನೊಬ್ಬರು ಎಲ್ಲಿಯೂ ಅಂಟಿಸುವುದಿಲ್ಲ. ಇಬ್ಬರಿಗೂ ಅರ್ಧ ಅಂಕ.

ಮೂರು ಬಗೆಯನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಕುಳಿತುಕೊಳ್ಳುವುದು, ನೆನಪಿಸಿಕೊಳ್ಳುವುದು, ಮನಸ್ಸನ್ನು ಒಂದೆಡೆ ನಿಲ್ಲಿಸಿಕೊಳ್ಳುವುದು ಮೊದಲ ಬಗೆ. ಇವಕ್ಕೆ ಇಂಗ್ಲಿಷಿನಲ್ಲಿ ‘ಸೆಲ್ಫ್’ ಹಚ್ಚಬಾರದು. ‘ಐ ಸ್ಯಾಟ್ ಡೌನ್’, ‘ಐ ರಿಮೆಂಬರ್ಡ್’, ‘ಐ ಕಾನ್ಸಂಟ್ರೇಟೆಡ್’ ಅಷ್ಟೇ. ಎರಡನೆಯ ಬಗೆಯಲ್ಲಿ ‘ಸೆಲ್ಫ್’ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ‘ಅವರಿಗೆ ಪರಿಚಯಿಸಿಕೊಂಡೆ’ ಎಂಬುದು ‘ಐ ಇಂಟ್ರಡ್ಯೂಸ್ಡ್ ಟು ದೆಮ್’ ಆಗದು, ನಡುವೆ ‘ಮೈಸೆಲ್ಫ್’ ಬರಲೇಬೇಕು. ‘ಎಂಜಾಯ್’ ಕೂಡ ಇದೇ ಮನೆಯದು. ‘ವಿ ಎಂಜಾಯ್ಡ್’ ಎಂದು ನಿಲ್ಲಿಸಿದರೆ ಏನನ್ನು ಎಂಬ ಪ್ರಶ್ನೆ ಗಾಳಿಯಲ್ಲಿ ತೂಗಾಡುತ್ತದೆ. ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’ ಎನ್ನಿ, ಇಲ್ಲವೇ ‘ವಿ ಎಂಜಾಯ್ಡ್ ದಿ ಟ್ರಿಪ್’ ಎನ್ನಿ.

ಮೂರನೆಯದು ಸ್ವಾರಸ್ಯದ ಬಗೆ: ಗಡ್ಡ ಬೋಳಿಸಿಕೊಳ್ಳುವುದು, ಬಟ್ಟೆ ಹಾಕಿಕೊಳ್ಳುವುದು, ಮೈ ತೊಳೆದುಕೊಳ್ಳುವುದು. ದಿನನಿತ್ಯದ ಮಾತಿಗೆ ‘ಹಿ ಶೇವ್ಡ್’, ‘ಶಿ ಡ್ರೆಸ್ಡ್’ ಸಾಕು, ಬೇರೆಯವರು ಮಾಡಿರಲಾರರು ಎಂದು ಎಲ್ಲರೂ ಊಹಿಸುತ್ತಾರೆ. ಆ ಊಹೆ ಸುಳ್ಳಾಗಬಹುದಾದಾಗ ‘ಸೆಲ್ಫ್’ ಬರುತ್ತದೆ. ಪುಟ್ಟ ಮಗು ಮೊದಲ ಸಲ ಯಾರ ಸಹಾಯವೂ ಇಲ್ಲದೆ ಅಂಗಿ ತೊಟ್ಟಿತು. ಕೈಗೆ ಪಟ್ಟಿ ಕಟ್ಟಿರುವ ರೋಗಿ ಈಗ ತಾನೇ ಬಟ್ಟೆ ಹಾಕಿಕೊಳ್ಳಬಲ್ಲ. ಅಲ್ಲಿ ‘ಹಿ ಕ್ಯಾನ್ ಡ್ರೆಸ್ ಹಿಮ್‌ಸೆಲ್ಫ್ ನೌ’. ಇನ್ನು ದೇಹದ ಒಂದು ಭಾಗವನ್ನು ಹೆಸರಿಸಿದರೆ ‘ಸೆಲ್ಫ್’ ಸರಿದು ‘ಮೈ, ಹರ್’ ಬರುತ್ತವೆ. ‘ಕೈ ತೊಳೆದುಕೊಂಡೆ’ ಎಂದರೆ ‘ಐ ವಾಶ್ಡ್ ಮೈ ಹ್ಯಾಂಡ್ಸ್’. ‘ತಲೆ ಬಾಚಿಕೊಂಡಳು’ ಎಂಬುದಕ್ಕೆ ‘ಶಿ ಕೋಂಬ್ಡ್ ಹರ್‌ಸೆಲ್ಫ್’ ಎಂದರೆ ಮೈತುಂಬ ಬಾಚಿಕೊಂಡಂತಾಗುತ್ತದೆ.

ನಿಯಮವನ್ನು ಒಪ್ಪಿಸುವಷ್ಟು ಚೆನ್ನಾಗಿ ಕಲಿತವರನ್ನೂ ದಾರಿ ತಪ್ಪಿಸುವ ಜಾಗವೊಂದಿದೆ. ‘ಐ ಕ್ಲೋಸ್ಡ್ ದಿ ಡೋರ್ ಬಿಹೈಂಡ್ ಮಿ.’ ಮುಚ್ಚಿದವನೂ ನಾನು, ಹಿಂದೆ ಬಾಗಿಲಿದ್ದವನೂ ನಾನು. ಆದರೂ ‘ಮಿ’. ಏಕೆ? ಕ್ರಿಯೆ ತಗುಲಿದ್ದು ಬಾಗಿಲಿಗೆ. ‘ಬಿಹೈಂಡ್ ಮಿ’ ಬಾಗಿಲು ಎಲ್ಲಿತ್ತು ಎಂಬುದನ್ನು ಹೇಳುವ ಗುರುತಷ್ಟೇ. ‘ಐ ಟುಕ್ ಆ್ಯನ್ ಅಂಬ್ರೆಲಾ ವಿತ್ ಮಿ’ ಎಂಬುದೂ ಅಂಥದ್ದೇ. ‘ಐ ಟಾಕ್ ಟು ಮೈಸೆಲ್ಫ್’ ಎಂಬಲ್ಲಿ ಮಾತ್ರ ‘ಟು’ ಜಾಗ ತೋರಿಸುತ್ತಿಲ್ಲ, ಮಾತು ಯಾರನ್ನು ತಲುಪಿತು ಎಂದು ತೋರಿಸುತ್ತಿದೆ. ಆದ್ದರಿಂದ ಹಿಂದೆ, ಮುಂದೆ, ಪಕ್ಕ, ಜೊತೆ ಎಂದು ಸ್ಥಳ ಹೇಳುವಾಗ ‘ಮಿ’; ಕ್ರಿಯೆಯ ಗುರಿಯೇ ನಾನಾದಾಗ ‘ಮೈಸೆಲ್ಫ್’. ‘ಅರೌಂಡ್’ನಂಥ ಕೆಲವು ಪದಗಳ ಬಳಿ ಎರಡೂ ನಡೆಯುತ್ತವೆ, ಅಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು ಪತ್ರದ ಕೊನೆಯ ವಾಕ್ಯ, ‘ಈಚ್ ಅದರ್’ ಬಂದದ್ದು. ಅದಕ್ಕೂ ‘ಒನ್ ಅನದರ್’ಗೂ ಏನು ಭೇದ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಅನುಭವದಲ್ಲಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲ ಪ್ರಶ್ನೆ, ಬೇಕಾದದ್ದು ‘ಈಚ್ ಅದರ್’ ಹೌದೋ ಅಥವಾ ‘ದೆಮ್‌ಸೆಲ್ವ್ಸ್’ ಆಗಬೇಕಿತ್ತೋ ಎಂಬುದು.

‘ದೆ ಬ್ಲೇಮ್ಡ್ ದೆಮ್‌ಸೆಲ್ವ್ಸ್’ ಎಂದರೆ ತಪ್ಪು ತನ್ನದೇ ಎಂದು ಪ್ರತಿಯೊಬ್ಬರೂ ಒಪ್ಪಿಕೊಂಡರು. ‘ದೆ ಬ್ಲೇಮ್ಡ್ ಈಚ್ ಅದರ್’ ಎಂದರೆ ನಿನ್ನಿಂದಲೇ ಹೀಗಾಯಿತು ಎಂದು ಒಬ್ಬರ ಮೇಲೊಬ್ಬರು ಹಾಕಿದರು. ಮೊದಲಿನದರಲ್ಲಿ ಜಗಳ ತಣ್ಣಗಾಗುತ್ತದೆ, ಎರಡನೆಯದರಲ್ಲಿ ಹತ್ತಿಕೊಳ್ಳುತ್ತದೆ. ‘ತಮ್ಮನ್ನು ತಾವು’ ಮತ್ತು ‘ಒಬ್ಬರನ್ನೊಬ್ಬರು’ ಎಂದು ಕನ್ನಡವೂ ಇವನ್ನು ಬೇರ್ಪಡಿಸುತ್ತದೆ. ಆದರೆ ‘ತಮ್ಮೊಳಗೇ ಮಾತಾಡಿಕೊಂಡರು’ ಎಂದಾಗ ‘ತಮ್ಮ’ ಎಂಬ ಪದ ಇದ್ದರೂ ಅರ್ಥ ಪರಸ್ಪರದ್ದು. ಅದನ್ನು ‘ಟಾಕ್ಡ್ ಟು ದೆಮ್‌ಸೆಲ್ವ್ಸ್’ ಎಂದು ಬರೆದರೆ ಒಬ್ಬೊಬ್ಬರೂ ಮೂಲೆಯಲ್ಲಿ ನಿಂತು ತಮಗೆ ತಾವೇ ಗೊಣಗಿಕೊಂಡ ಚಿತ್ರ ಮೂಡುತ್ತದೆ. ಬೇಕಿದ್ದದ್ದು ‘ಟಾಕ್ಡ್ ಟು ಈಚ್ ಅದರ್’ ಅಥವಾ ‘ಟಾಕ್ಡ್ ಅಮಂಗ್ ದೆಮ್‌ಸೆಲ್ವ್ಸ್’. ಆ ‘ಅಮಂಗ್’ ಬಂದ ಕೂಡಲೇ ಅರ್ಥ ಸರಿಹೋಗುತ್ತದೆ.

ಎರಡನೆಯ ಪ್ರಶ್ನೆ, ‘ಈಚ್ ಅದರ್’ ಮುಂದೆ ‘ಟು, ವಿತ್, ಅಬೌಟ್’ ಬೇಕೇ ಬೇಡವೇ ಎಂಬುದು. ಪತ್ರದ ‘ವಿ ವಿಲ್ ಡಿಸ್ಕಸ್ ಈಚ್ ಅದರ್’ ಬಿದ್ದದ್ದು ಈ ಹಳ್ಳಕ್ಕೆ. ಮನಸ್ಸಿನಲ್ಲಿದ್ದ ಕನ್ನಡ ‘ನಾವು ಪರಸ್ಪರ ಚರ್ಚಿಸುತ್ತೇವೆ’. ‘ಪರಸ್ಪರ’ ಎಂಬುದಕ್ಕೆ ವಿಭಕ್ತಿಯ ಹಂಗಿಲ್ಲ, ಯಾವ ಕ್ರಿಯಾಪದದ ಹಿಂದಾದರೂ ನಿಲ್ಲುತ್ತದೆ. ‘ಈಚ್ ಅದರ್’ ಹಾಗಲ್ಲ, ಅದು ನಾಮಪದದ ಹಾಗೆ ಜಾಗ ಕೇಳುತ್ತದೆ. ‘ಡಿಸ್ಕಸ್’ ಆದ ಮೇಲೆ ಬರುವುದು ಚರ್ಚೆಯ ವಿಷಯವಾದ್ದರಿಂದ, ಆ ವಾಕ್ಯದ ಅರ್ಥ ‘ನಾನು ಸುನೀತಾಳ ಗುಣಾವಗುಣ ಚರ್ಚಿಸುತ್ತೇನೆ, ಅವಳು ನನ್ನದನ್ನು’ ಎಂದಾಗುತ್ತದೆ. ಪಾಪ, ಅವರು ಚರ್ಚಿಸಲು ಹೊರಟದ್ದು ವರದಿಯನ್ನು: ‘ವಿ ವಿಲ್ ಡಿಸ್ಕಸ್ ಇಟ್ ವಿತ್ ಈಚ್ ಅದರ್.’

ಇದನ್ನು ಪತ್ತೆಹಚ್ಚಲು ‘ಈಚ್ ಅದರ್’ ಜಾಗದಲ್ಲಿ ‘ಹಿಮ್’ ಇಟ್ಟು ಓದಿ. ‘ಟಾಕ್ ಹಿಮ್’ ಎನ್ನುವುದಿಲ್ಲ, ‘ಟಾಕ್ ಟು ಹಿಮ್’ ಎನ್ನುತ್ತೇವೆ. ಹಾಗಾದರೆ ‘ಟಾಕ್ ಟು ಈಚ್ ಅದರ್’. ‘ಹೆಲ್ಪ್ ಹಿಮ್’ ಎನ್ನುತ್ತೇವೆ, ಆದ್ದರಿಂದ ‘ಹೆಲ್ಪ್ ಈಚ್ ಅದರ್’. ಕನ್ನಡದ ವಿಭಕ್ತಿಯನ್ನು ನಂಬಿ ಹೋಗಬೇಡಿ. ‘ಒಬ್ಬರಿಗೊಬ್ಬರು ಸಹಾಯ ಮಾಡಿದರು’ ಎಂಬಲ್ಲಿ ‘ಇಗೆ’ ಇದೆ ಎಂದು ‘ಹೆಲ್ಪ್ ಟು’ ಬರೆದರೆ ಕೆಟ್ಟಿತು.

ಕರ್ತೃಸ್ಥಾನದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ‘ಒಬ್ಬರನ್ನೊಬ್ಬರು’ ಎಂಬ ನಮ್ಮ ಜೋಡಿಯೊಳಗೇ ಒಬ್ಬ ಕರ್ತೃ, ಒಂದು ಕರ್ಮ ಇದ್ದಾರೆ. ‘ಈಚ್ ಅದರ್’ ಒಂದೇ ಗಂಟು, ಕರ್ತೃವಾಗಲು ಅದಕ್ಕೆ ಒಗ್ಗುವುದಿಲ್ಲ. ‘ಈಚ್ ಅದರ್ ಹೆಲ್ಪ್‌ಡ್’ ಎಂಬುದು ವಾಕ್ಯವಲ್ಲ, ‘ದೆ ಹೆಲ್ಪ್‌ಡ್ ಈಚ್ ಅದರ್’ ಎಂಬುದು ವಾಕ್ಯ.

ಈಗ ಎಲ್ಲರೂ ಕಾದಿದ್ದ ಪ್ರಶ್ನೆ. ಇಬ್ಬರಿದ್ದರೆ ‘ಈಚ್ ಅದರ್’, ಮೂವರು ಅಥವಾ ಹೆಚ್ಚು ಜನರಿದ್ದರೆ ‘ಒನ್ ಅನದರ್’ ಎಂದು ವ್ಯಾಕರಣ ಪುಸ್ತಕಗಳು ಹೇಳುತ್ತವೆ. ಬಳಕೆ ಅದನ್ನು ಪಾಲಿಸುವುದಿಲ್ಲ. ಇಂಗ್ಲಿಷ್ ಬಳಕೆಯ ವಿಷಯದಲ್ಲಿ ಕಟ್ಟುನಿಟ್ಟಿನವರೆಂದೇ ಹೆಸರಾದ ಹೆನ್ರಿ ಫೌಲರ್ ಕೂಡ 1926ರಲ್ಲಿ ಪ್ರಕಟವಾದ ತಮ್ಮ ಬಳಕೆಯ ನಿಘಂಟಿನಲ್ಲಿ, ಈ ಭೇದದಿಂದ ಈಗ ಉಪಯೋಗವಿಲ್ಲ, ಹಿಂದಿನ ಬಳಕೆಯ ಆಧಾರವೂ ಇದಕ್ಕಿಲ್ಲ ಎಂದು ತಳ್ಳಿಹಾಕಿದರು. ಹತ್ತು ಮಂದಿಯ ತಂಡದ ಬಗ್ಗೆ ‘ದೆ ಟ್ರಸ್ಟ್ ಈಚ್ ಅದರ್’ ಎಂದರೆ ಯಾರ ಕಿವಿಗೂ ಕರ್ಕಶವೆನಿಸದು. ನಿಜವಾಗಿ ಕಾಣುವ ವ್ಯತ್ಯಾಸ ಧಾಟಿಯದು. ‘ಈಚ್ ಅದರ್’ ಎಲ್ಲೆಡೆ ಓಡಾಡುವ ಪದ, ‘ಒನ್ ಅನದರ್’ ತುಸು ಗಂಭೀರ, ಬರಹದತ್ತ ಒಲಿದದ್ದು.

ಹಾಗಾದರೆ ಆರಿಸುವುದು ಹೇಗೆ? ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿಸಲು ಕೊಟ್ಟಿದ್ದರೆ ಪುಸ್ತಕದ ನಿಯಮ ಪಾಲಿಸಿ, ಅಲ್ಲಿ ಫೌಲರ್ ಬಂದು ನಿಮ್ಮ ಪರ ವಾದಿಸುವುದಿಲ್ಲ. ಉಳಿದ ಕಡೆ ‘ಈಚ್ ಅದರ್’ ಸಾಕು. ಇಬ್ಬರಿಗೆ ‘ಒನ್ ಅನದರ್’ ಬಳಸಿದರೂ ತಪ್ಪಲ್ಲ, ಆದರೆ ಹಳೆಯ ನಿಯಮವನ್ನು ಹಿಡಿದು ಕೂತ ಓದುಗರು ಹುಬ್ಬು ಗಂಟಿಕ್ಕುವುದು ಅಲ್ಲಿಯೇ.

ಈ ಎರಡರ ನಡುವೆ ಒದ್ದಾಡುವವರು ಗಮನಿಸದೆ ಬಿಡುವ ಒಂದು ಚಿಕ್ಕ ಗುರುತಿದೆ. ‘ಒಬ್ಬರ ಪುಸ್ತಕ ಇನ್ನೊಬ್ಬರು ಓದಿದರು’ ಎನ್ನಲು ‘ಈಚ್ ಅದರ್ಸ್ ಬುಕ್ಸ್’ ಎಂದು ಬರೆಯುವಾಗ, ಮೇಲಿನ ಚುಕ್ಕೆ, ಅಂದರೆ ಅಪಾಸ್ಟ್ರಫಿ, ‘ಎಸ್’ ಅಕ್ಷರಕ್ಕಿಂತ ಮೊದಲು ಬರಬೇಕು, ಆಮೇಲಲ್ಲ. ಇಬ್ಬರಿದ್ದಾರೆ, ಹತ್ತು ಮಂದಿ ಇದ್ದಾರೆ ಎಂದು ಅದನ್ನು ಬಹುವಚನ ಮಾಡಲು ಹೋಗುತ್ತಾರೆ. ‘ಅದರ್’ ಅಲ್ಲಿ ಯಾವಾಗಲೂ ಏಕವಚನ. ಆಮೇಲೆ ಬರುವ ‘ಬುಕ್’ ಒಂದೋ ಹಲವೋ ಆಗಬಹುದು, ಚುಕ್ಕೆಯ ಜಾಗ ಮಾತ್ರ ಬದಲಾಗದು.

ಪತ್ರ ಈಗ ಹೀಗಾಯಿತು: ‘ಐ ಆ್ಯಮ್ ರವಿ. ಮೈ ಮ್ಯಾನೇಜರ್ ಆಸ್ಕ್‌ಡ್ ಮಿ ಟು ಇಂಟ್ರಡ್ಯೂಸ್ ಹಿಮ್. ಸುನೀತಾ ಅಂಡ್ ಐ ಪ್ರಿಪೇರ್ಡ್ ದಿ ರಿಪೋರ್ಟ್. ಐ ಚೆಕ್ಡ್ ಇಟ್ ಮೈಸೆಲ್ಫ್. ಪ್ಲೀಸ್ ರಿಪ್ಲೈ ಟು ಸುನೀತಾ ಆರ್ ಮಿ. ವಿ ವಿಲ್ ಡಿಸ್ಕಸ್ ಇಟ್ ವಿತ್ ಈಚ್ ಅದರ್.’ ಕೊನೆಯ ‘ವಿತ್ ಈಚ್ ಅದರ್’ ಕೂಡ ನಿಜವಾಗಿ ಬೇಕಿಲ್ಲ. ಚರ್ಚಿಸುವವರು ‘ವಿ’ ಎಂದ ಮೇಲೆ ತಮ್ಮತಮ್ಮಲ್ಲೇ ಎಂಬುದು ಗೊತ್ತೇ ಇದೆ. ನಾನಾಗಿದ್ದರೆ ಅದನ್ನೂ ಹೊಡೆದುಹಾಕಿ ಕಳುಹಿಸುತ್ತಿದ್ದೆ.